ಮಗಳಿಗೊಂದು ಪತ್ರ: ನಿನ್ನ ರಾಜೀನಾಮೆ ಲೆಟರ್ ಓದಿದೆ

ಪುಟ್ಟಿ,

ನಿನ್ನೆ ರಾತ್ರಿ ನೀನು ವಾಟ್ಸಾಪಲ್ಲಿ ಹಾಕಿದ್ಯಲ್ಲ ಹೋಟೆಲ್ ರಿಸೆಪ್ಶನ್ ಕೆಲಸ ಬಿಡೋಕೆ ಬರೆದ ರಾಜೀನಾಮೆ ಲೆಟರ್, ಅಮ್ಮ ಎರಡು ಸಲ ಓದಿದ್ಲು, ನಾನು ನಾಲ್ಕು ಸಲ ಓದಿದೆ. ಫೋನಲ್ಲಿ ಹೇಳಿದ್ರೆ ನಿಂಗೆ ಶಿಫ್ಟ್ ಮಧ್ಯೆ ಅರ್ಧ ಕೇಳಿಸುತ್ತೆ ಅರ್ಧ ಮರ್ತು ಹೋಗುತ್ತೆ, ಅದಕ್ಕೆ ಕೂತ್ಕೊಂಡು ಟೈಪ್ ಮಾಡ್ತಾ ಇದೀನಿ, ನಿಧಾನಕ್ಕೆ ಓದು.

ಸೀಟ್ ಸಿಕ್ಕಿದ್ದು ನಮ್ಮನೇಲಿ ಎಲ್ರಿಗೂ ಎಷ್ಟು ಖುಷಿ ಅಂತ ನಿಂಗೆ ಗೊತ್ತು. ಬೆಂಗಳೂರಿನ ಶೇಷಾದ್ರಿ ರಸ್ತೆಯ ಆ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಐಎಚ್‌ಎಂ ಗೇಟ್ ಮುಂದೆ ನಾನು ಎಷ್ಟೋ ಸಲ ಬಸ್ಸಲ್ಲಿ ಹೋಗಿದೀನಿ, ಒಂದಿನ ನನ್ನ ಮಗಳು ಅದ್ರೊಳಗೆ ಹೋಗ್ತಾಳೆ ಅಂತ ಅಂದ್ಕೊಂಡಿರ್ಲಿಲ್ಲ. ಅದೆಲ್ಲ ಊರಿಗೆ ಬಂದಾಗ ಮಾತಾಡೋಣ. ಈಗ ಲೆಟರ್ ವಿಷಯ.

ನೀನು ಬರೆದಿರೋದು ಒಂದೂವರೆ ಪುಟ. ಅದ್ರಲ್ಲಿ ಇರ್ಲೇಬೇಕಾದ ಒಂದು ಸಾಲೇ ಇಲ್ಲ ಕಣಮ್ಮ, ಕೊನೇ ದಿನ ಯಾವ್ದು ಅನ್ನೋದು. "ನನ್ನ ರಾಜೀನಾಮೆಯನ್ನು ದಯವಿಟ್ಟು ಪರಿಗಣಿಸಿ ಆದಷ್ಟು ಬೇಗ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ" ಅಂತ ಬರೆದಿದೀಯ. ಇದು ರಜೆ ಅರ್ಜಿ ಥರ ಆಯ್ತು. ಪರಿಗಣಿಸಿ ಅಂದ್ರೆ ಅವ್ರು ಪರಿಗಣಿಸ್ತಾನೇ ಇರ್ಬಹುದು, ಆದಷ್ಟು ಬೇಗ ಅಂದ್ರೆ ಅವ್ರಿಗೆ ಹೊಸ ಹುಡುಗಿ ಸಿಕ್ಕಿದ ಮೇಲೆ. ನಿಮ್ಮ ಮ್ಯಾನೇಜರ್ ಕೆಟ್ಟವರು ಅಂತ ಅಲ್ಲ, ಡೆಸ್ಕಲ್ಲಿ ಜನ ಕಮ್ಮಿ ಇದ್ದಾಗ ಯಾರಾದ್ರೂ ಹಾಗೇ ಮಾಡ್ತಾರೆ. ಅದಕ್ಕೆ ಲೆಟರಲ್ಲಿ "ರಾಜೀನಾಮೆ ಕೊಡ್ತಾ ಇದೀನಿ, ನನ್ನ ಕೊನೆಯ ಕೆಲಸದ ದಿನ ಇಂಥದ್ದು" ಅಂತ ನೇರ ಬರೀಬೇಕು. ಮರ್ಯಾದೆ ಮಾತು ಬೇರೆ ಕಡೆ ಇರ್ಲಿ, ಈ ಸಾಲಲ್ಲಿ ಮಾತ್ರ ಬೇಡ್ಕೊಳೋ ಧಾಟಿ ಬೇಡ.

ಆ ದಿನ ಹೇಗೆ ಲೆಕ್ಕ ಹಾಕೋದು ಅಂತ ನೋಡು. ನಿನ್ನ ಅಪಾಯಿಂಟ್‌ಮೆಂಟ್ ಲೆಟರ್ ನಾನು ಬೀರುವಿಂದ ತೆಗೆದು ನೋಡಿದೆ, ಎರಡೂ ಕಡೆಯಿಂದ 30 ದಿನ ನೋಟಿಸ್ ಅಂತಿದೆ, ಇಲ್ಲಾಂದ್ರೆ ಕಮ್ಮಿ ಬಿದ್ದ ದಿನಕ್ಕೆ ಸಂಬಳ ಕಟ್. ಕಾಲೇಜು ಆಗಸ್ಟ್ 3ಕ್ಕೆ ಶುರು. ನೀನು ಜುಲೈ 5ಕ್ಕೆ ಸಂಬಳ ಬಂದ್ಮೇಲೆ ಕೊಡ್ತೀನಿ ಅಂದೆ. 5ಕ್ಕೆ ಕೊಟ್ರೆ ಲೆಕ್ಕ ಮಾರನೇ ದಿನದಿಂದ ಹಾಕ್ಬೇಕು, 6 ಒಂದನೇ ದಿನ, ಹಾಗೇ ಎಣಿಸಿದ್ರೆ 30ನೇ ದಿನ ಆಗಸ್ಟ್ 4ಕ್ಕೆ ಬೀಳುತ್ತೆ. ಅಷ್ಟೊತ್ತಿಗೆ ಕಾಲೇಜು ಶುರುವಾಗಿರುತ್ತೆ. ಅದೇ ಜುಲೈ 1ಕ್ಕೆ ಕೊಟ್ರೆ 2ನೇ ತಾರೀಖು ಒಂದನೇ ದಿನ, 31ನೇ ತಾರೀಖು ಮೂವತ್ತನೇ ದಿನ, ತಿಂಗಳೂ ಮುಗೀತು ನೋಟಿಸೂ ಮುಗೀತು. ಕೊಟ್ಟ ದಿನಾನೂ ಸೇರಿಸಿ ಎಣಿಸಿ 30ನೇ ತಾರೀಖು ಅಂತ ಬರೀಬೇಡ, ಎಚ್ಆರ್‌ನೋರು ಒಂದು ದಿನ ಕಮ್ಮಿ ಅಂತ ಹಿಡ್ಕೊಂಡ್ರೆ ಸುಮ್ನೆ ಮಾತು. ಒಂದು ದಿನದ ದುಡ್ಡು ದೊಡ್ಡದಲ್ಲ, ನಿನ್ನ ಹದಿನೆಂಟು ಸಾವಿರಕ್ಕೆ 30ರಿಂದ ಭಾಗಿಸಿದ್ರೆ ದಿನಕ್ಕೆ ಆರುನೂರು ರೂಪಾಯಿ. ಆದ್ರೆ ನೋಟಿಸ್ ಪೂರ್ತಿ ಮಾಡಿಲ್ಲ ಅಂತ, ಕೆಲಸದಿಂದ ಬಿಡುಗಡೆ ಆಯ್ತು ಅನ್ನೋ ರಿಲೀವಿಂಗ್ ಲೆಟರ್ ತಡ ಮಾಡಿದ್ರೆ ಅದು ಆರುನೂರು ರೂಪಾಯಿ ವಿಷಯ ಅಲ್ಲ.

ಇನ್ನೊಂದು, ಇದು ಕೌಂಟರಲ್ಲಿ ಕೂತವ್ರಿಗೆ ಮಾತ್ರ ಹೊಳೆಯೋದು. ಕೊನೇ ದಿನ ನೈಟ್ ಶಿಫ್ಟ್ ತಗೋಬೇಡ. 31ರ ರಾತ್ರಿ ಹನ್ನೊಂದಕ್ಕೆ ನೀನು ಕೂತ್ರೆ ಎದ್ದೇಳೋದು ಆಗಸ್ಟ್ 1ರ ಬೆಳಿಗ್ಗೆ, ದಿನದ ಲೆಕ್ಕ ಮುಚ್ಚೋ ನೈಟ್ ಆಡಿಟ್ ಹಾಕಿದ ತಕ್ಷಣ ಸಿಸ್ಟಮಲ್ಲಿ ತಾರೀಖೇ ಬದ್ಲಾಗುತ್ತೆ, ಕೊನೇ ಬಿಲ್ಲುಗಳು ನಿನ್ನ ಹೆಸರಲ್ಲಿ 1ನೇ ತಾರೀಖಿಗೆ ಕೂತ್ಕೊಳ್ಳುತ್ವೆ. ಲೆಟರಲ್ಲಿ 31 ಅಂತ ಇರುತ್ತೆ. ಅದೂ ಅಲ್ದೆ ರಾತ್ರಿ ಅಕೌಂಟ್ಸೂ ಇರಲ್ಲ ಎಚ್ಆರೂ ಇರಲ್ಲ, ಯೂನಿಫಾರ್ಮ್ ರೂಮ್ ಬೀಗ ಹಾಕಿರುತ್ತೆ, ಏನೂ ಬಾಕಿ ಇಲ್ಲ ಅನ್ನೋ ನೋ ಡ್ಯೂಸ್ ಫಾರ್ಮ್ ಹಿಡ್ಕೊಂಡು ಯಾರ ಹತ್ರ ಸೈನ್ ಹಾಕಿಸ್ತೀಯ? ಈಗ್ಲೇ ಡ್ಯೂಟಿ ರೋಸ್ಟರ್ ಹಾಕೋವ್ರಿಗೆ ಹೇಳಿ ಇಟ್ಟಿರು, ಕೊನೇ ಎರಡು ದಿನ ಮಾರ್ನಿಂಗ್ ಶಿಫ್ಟ್ ಬೇಕು ಅಂತ. ಏಳರಿಂದ ಮೂರು. ಹನ್ನೊಂದು ಗಂಟೆ ಚೆಕ್‌ಔಟ್ ಗಲಾಟೆ ಮುಗಿದ ಮೇಲೆ ಒಂದೊಂದೇ ಡಿಪಾರ್ಟ್‌ಮೆಂಟಿಗೆ ಹೋಗಿ ಸೈನ್ ಹಾಕಿಸ್ಕೊಂಡು ಬರ್ಬಹುದು.

ಈಗ ಕಾರಣದ ವಿಷಯ. ನೀನು ಮೊದ್ಲು "ಮನೆಯ ಕಾರಣಗಳಿಂದ" ಅಂತ ಬರೆದು ಹೊಡೆದು ಹಾಕಿ, ಆಮೇಲೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದೋಕೆ ಅಂತ ಬರೆದಿದೀಯ. ಎರಡನೇದೇ ಇರ್ಲಿ. ನಿಜ ಹೇಳಿದ್ರೆ ಅವ್ರು ಬೇಜಾರು ಮಾಡ್ಕೋತಾರೆ ಅಂತ ನಿಂಗೆ ಭಯ, ಆದ್ರೆ ಬೇರೆ ಹೋಟೆಲ್ಗೆ ಹೋಗ್ತಾಳೆ ಅಂತ ಅನುಮಾನ ಪಡೋದಕ್ಕಿಂತ ಓದೋಕೆ ಹೋಗ್ತಾಳೆ ಅಂತ ಗೊತ್ತಾಗೋದೇ ವಾಸಿ. ಆ ಮೂರು ವರ್ಷದ ಕೋರ್ಸಲ್ಲಿ ನಿನ್ನನ್ನ ಇಂಡಸ್ಟ್ರಿಯಲ್ ಟ್ರೈನಿಂಗ್ ಅಂತ ತಿಂಗಳುಗಟ್ಟಲೆ ಹೋಟೆಲ್ಗೇ ಕಳಿಸ್ತಾರೆ, ಕಿಚನ್, ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಅಂತ ಸುತ್ತಿಸ್ತಾರೆ. ಆಗ ಯಾವ ಹೋಟೆಲಲ್ಲಿ ಯಾರು ಎದುರಿಗೆ ಬರ್ತಾರೋ ಗೊತ್ತಿಲ್ಲ. ಈ ಲೈನಲ್ಲಿ ಜನ ಮೈಸೂರಿಂದ ಬೆಂಗಳೂರು, ಬೆಂಗಳೂರಿಂದ ಕೂರ್ಗು ಅಂತ ಓಡಾಡ್ತಾನೇ ಇರ್ತಾರೆ. ಇವತ್ತಿನ ನಿಮ್ಮ ಫ್ರಂಟ್ ಆಫೀಸ್ ಮ್ಯಾನೇಜರೇ ನಾಳೆ ನಿನ್ನ ಟ್ರೈನಿಂಗ್ ಹೋಟೆಲಲ್ಲಿ ಕೂತಿರ್ಬಹುದು. ಕಾರಣ ಒಂದೇ ಸಾಲು ಸಾಕು.

ಒಂದೂವರೆ ಪುಟದಲ್ಲಿ ಅರ್ಧ ಪುಟ ದಸರಾ ವಿಷಯ ಬರೆದಿದೀಯಲ್ಲ, ಅದನ್ನ ಓದಿ ನನಗೆ ಹೊಟ್ಟೆ ಉರೀತು. ಓವರ್‌ಬುಕಿಂಗ್ ಮಾಡಿದ್ದು ಯಾರೋ, ರಾತ್ರಿ ಹನ್ನೊಂದು ಗಂಟೆಗೆ ಎರಡು ಚಿಕ್ಕ ಮಕ್ಕಳ ಜೊತೆ ಬಂದ ಫ್ಯಾಮಿಲಿ ಮುಂದೆ ರೂಮ್ ಇಲ್ಲ ಅಂತ ಹೇಳೋಕೆ ನಿನ್ನೊಬ್ಬಳನ್ನ ನಿಲ್ಲಿಸಿದ್ರು, ಆ ಮನುಷ್ಯ ಕೌಂಟರ್ ಮೇಲೆ ಕೈ ಹೊಡೆದು ಬೈದ, ನೀನು ಐದು ಹೋಟೆಲ್ಗೆ ಫೋನ್ ಮಾಡಿ ರೂಮ್ ಹುಡುಕಿ ಆಟೋ ಹತ್ತಿಸಿ ಕಳಿಸಿ ಆಮೇಲೆ ಬ್ಯಾಕ್ ಆಫೀಸಲ್ಲಿ ಕೂತು ಅತ್ತೆ. ಅವತ್ತು ನಂಗೆ ಯಾಕೆ ಫೋನ್ ಮಾಡ್ಲಿಲ್ಲ ನೀನು? ಈಗ ಲೆಟರಲ್ಲಿ ಓದಿ ಗೊತ್ತಾಯ್ತು ನಂಗೆ. ನೀನು ಬರೆದಿರೋದು ಒಂದಕ್ಷರ ಸುಳ್ಳಲ್ಲ, ಆದ್ರೂ ಅದನ್ನ ಲೆಟರಿಂದ ತೆಗಿ ಕಂದ. ರಾಜೀನಾಮೆ ಲೆಟರ್ ನಿನ್ನ ಫೈಲಲ್ಲಿ ಉಳಿಯೋ ಕಾಗದ, ಮೂರು ವರ್ಷ ಆದ್ಮೇಲೆ ನಿನ್ನ ಬಗ್ಗೆ ಯಾರಾದ್ರೂ ವಿಚಾರಿಸಿದ್ರೆ ಆಗ ಇರೋ ಎಚ್ಆರ್ ಆ ಫೈಲ್ ತೆಗೀತಾರೆ, ಅವ್ರಿಗೆ ದಸರಾ ರಾತ್ರಿ ಗೊತ್ತಿರಲ್ಲ, ಜಗಳ ಮಾಡ್ಕೊಂಡು ಹೋದ ಹುಡುಗಿ ಅಂತ ಮಾತ್ರ ಕಾಣ್ಸುತ್ತೆ. ಆ ವಿಷಯ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಬಾಯಲ್ಲಿ ಹೇಳು, ಧೈರ್ಯವಾಗಿ ಹೇಳು, ಓವರ್‌ಬುಕಿಂಗ್ ದಿನ ಡೆಸ್ಕಲ್ಲಿ ಒಬ್ಬ ಡ್ಯೂಟಿ ಮ್ಯಾನೇಜರ್ ಇರ್ಲೇಬೇಕು ಅಂತ ಹೇಳು, ನಿನ್ನ ಹಿಂದೆ ಬರೋ ಮಗುವಿಗಾದ್ರೂ ಅನುಕೂಲ ಆಗ್ಲಿ.

ಡಬಲ್ ಶಿಫ್ಟ್ ಮಾಡಿದ್ದಕ್ಕೆ ಬದಲಿ ರಜೆ, ಕಾಂಪ್ ಆಫ್, ನಾಲ್ಕು ಬಾಕಿ ಇದೆ ಅಂತಾನೂ ಅದ್ರಲ್ಲೇ ಬರೆದಿದೀಯ. ಅದು ದೂರು ಅಲ್ಲ, ಅದು ಲೆಕ್ಕ, ಅದಕ್ಕೆ ಬೇರೆ ಜಾಗ ಇದೆ. ರಾಜೀನಾಮೆ ಕೊಡೋ ಮುಂಚೆನೇ, ಅಂದ್ರೆ ಈ ವಾರದಲ್ಲೇ, ಎಚ್ಆರ್‌ಗೆ ಒಂದು ಮೇಲ್ ಹಾಕು, ನನ್ನ ರಜೆ ಎಷ್ಟು ಉಳಿದಿದೆ, ಕಾಂಪ್ ಆಫ್ ಎಷ್ಟಿದೆ ಅಂತ, ನೀನು ಕೆಲಸ ಮಾಡಿದ ತಾರೀಖುಗಳನ್ನ ಬರೆದು. ಆಗ ಅವ್ರು ಸಾಮಾನ್ಯವಾಗಿ ಉತ್ತರ ಕೊಡ್ತಾರೆ. ರಾಜೀನಾಮೆ ಆದ್ಮೇಲೆ ಅದೇ ಪ್ರಶ್ನೆ ಕೇಳಿದ್ರೆ ಸೆಟಲ್‌ಮೆಂಟಲ್ಲಿ ನೋಡೋಣ ಅಂತಾರೆ. ರಜೆ ಇದೆ ಅಂತ ಅದನ್ನ ನೋಟಿಸಿಗೆ ಹೊಂದಿಸ್ಕೊಂಡು ನಾಲ್ಕು ದಿನ ಮುಂಚೆ ಹೋಗ್ಬಹುದು ಅಂತ ನೀನೇ ತೀರ್ಮಾನ ಮಾಡ್ಬೇಡ, ಅದು ಅವ್ರು ಬರೆದು ಒಪ್ಪಿದ್ರೆ ಮಾತ್ರ.

ಅದೇ ಸಮಯದಲ್ಲಿ ಇನ್ನೊಂದು ಕೆಲಸ. ಸೇರೋವಾಗ ನಿನ್ನ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವ್ರು ಇಟ್ಕೊಂಡಿದ್ರಲ್ಲ, ಅದನ್ನ ಮೊದ್ಲು ವಾಪಸ್ ತಗೋ. ಕಾಲೇಜಲ್ಲಿ ವೆರಿಫಿಕೇಶನ್‌ಗೆ ಒರಿಜಿನಲ್ ಬೇಕು, ಇದು ನಿಜವಾದ ಕಾರಣ, ಹಾಗೇ ಹೇಳು. ಕೊಡೋಕೆ ತಡ ಮಾಡಿದ್ರೆ ಲೆಟರಲ್ಲೇ ಒಂದು ಸಾಲು ಸೇರಿಸು, ಮೂಲ ಅಂಕಪಟ್ಟಿ ನಿಮ್ಮ ಬಳಿ ಇದೆ, ಇಂಥ ದಿನದೊಳಗೆ ಬೇಕು ಅಂತ.

ನಾನು ಇಷ್ಟೆಲ್ಲ ಯಾಕೆ ಹೇಳ್ತೀನಿ ಅಂದ್ರೆ, ಇದನ್ನ ನಿಂಗೆ ಯಾವತ್ತೂ ಹೇಳಿಲ್ಲ, ನೀನು ಹುಟ್ಟೋ ಮುಂಚೆ ನಾನು ಒಂದು ಲಾಡ್ಜಲ್ಲಿ ನಾಲ್ಕು ವರ್ಷ ಕೌಂಟರಲ್ಲಿ ಇದ್ದೆ. ಬಿಡೋವಾಗ ಲೆಟರ್ ಗಿಟರ್ ಏನೂ ಇಲ್ಲ, ಓನರ್‌ಗೆ ಬಾಯಲ್ಲಿ ಹೇಳ್ದೆ, ಆಯ್ತು ಹೋಗಪ್ಪ ಅಂದ್ರು, ರೂಮ್ ಕೀಗಳನ್ನ ನೇತುಹಾಕೋ ಬೋರ್ಡ್ ತೋರಿಸಿ ಗಲ್ಲಾ ಬೀಗದಕೈ ಮೇಜಿನ ಮೇಲಿಟ್ಟು ಬಂದೆ. ಹತ್ತು ದಿನ ಆದ್ಮೇಲೆ ಮನೆಗೆ ಹುಡುಗನ್ನ ಕಳಿಸಿದ್ರು. ಮದುವೆ ಪಾರ್ಟಿಯೋರು ಎಂಟು ರೂಮಿಗೆ ಕೊಟ್ಟ ಅಡ್ವಾನ್ಸ್ ನಾಲ್ಕು ಸಾವಿರ ಲೆಡ್ಜರಲ್ಲಿ ಇಲ್ಲ, ರಸೀದಿ ಬುಕ್ಕಲ್ಲಿ ನಿನ್ನ ಸೈನ್ ಇದೆ ಅಂತ. ದುಡ್ಡು ನಾನು ಗಲ್ಲಾಪೆಟ್ಟಿಗೇಲಿ ಇಟ್ಟಿದ್ದೆ, ಕವರ್ ಮೇಲೆ ಪಾರ್ಟಿ ಹೆಸರು ಬರೆದು. ಆದ್ರೆ ನಾನು ಇಟ್ಟು ಬಂದೆ ಅನ್ನೋಕೆ, ಅವ್ರು ತಗೊಂಡ್ರು ಅನ್ನೋಕೆ ಒಂದು ಚೀಟಿ ಇರ್ಲಿಲ್ಲ. ಕೊನೇ ತಿಂಗಳ ಸಂಬಳದಲ್ಲಿ ಹಿಡ್ಕೊಂಡ್ರು. ಅದಕ್ಕಿಂತ ನೋವು ಏನು ಗೊತ್ತಾ, ಆಮೇಲೆ ಒಂದು ಕಡೆ ಕೆಲಸಕ್ಕೆ ಹೋದಾಗ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೇಳಿದ್ರು, ನಾಲ್ಕು ವರ್ಷ ಎಲ್ಲಿದ್ದೆ ಅಂತ ತೋರ್ಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಹೊಸಬನ ಸಂಬಳಕ್ಕೇ ಸೇರಿದೆ.

ಅದಕ್ಕೆ ಹ್ಯಾಂಡೋವರ್ ಬಗ್ಗೆ ನಾನು ಜಾಸ್ತಿ ಹೇಳ್ತೀನಿ, ಬೇಜಾರಾಗ್ಬೇಡ. ಚಿಲ್ಲರೆ ಕೊಡೋಕೆ ಅಂತ ನಿನ್ನ ಹತ್ರ ಇರೋ ದುಡ್ಡು, ಫ್ಲೋಟ್, ಹತ್ತು ಸಾವಿರ ಅಂದ್ಯಲ್ಲ, ಕೊನೇ ದಿನ ಅದನ್ನ ಮುಂದಿನ ಶಿಫ್ಟಿನವ್ರ ಎದುರಿಗೆ ನೋಟು ನೋಟು ಎಣಿಸಿ, ಐನೂರರದ್ದು ಎಷ್ಟು ನೂರರದ್ದು ಎಷ್ಟು ಚಿಲ್ಲರೆ ಎಷ್ಟು ಅಂತ ಲಾಗ್‌ಬುಕ್ಕಲ್ಲಿ ಬರೆದು ಇಬ್ರೂ ಸೈನ್ ಹಾಕಿ, ಆ ಪುಟದ ಫೋಟೋ ತಗೋ, ಗೆಸ್ಟ್ ಹೆಸರು ಏನಾದ್ರೂ ಇದ್ರೆ ಅದನ್ನ ಬಿಟ್ಟು ಆ ಭಾಗ ಮಾತ್ರ. ಅಡ್ವಾನ್ಸ್ ತಗೊಂಡು ಇನ್ನೂ ಬರದೇ ಇರೋ ಬುಕಿಂಗ್, ಗೆಸ್ಟ್ ಬಿಟ್ಟು ಹೋಗಿರೋ ಲಗೇಜ್, ಲಾಕರ್ ಕೀ, ಕಂಪನಿಗಳಿಂದ ಬರ್ಬೇಕಾದ ಬಿಲ್, ನಿನ್ನ ಕೈಲಿ ಅರ್ಧಕ್ಕೆ ನಿಂತಿರೋದು ಯಾವ್ದಿದ್ರೂ ಒಂದು ಹಾಳೇಲಿ ಬರ್ಕೊಡು. ಯೋಗ ಕಲಿಯೋಕೆ ಬರೋ ಫಾರಿನರ್ಸ್ ನಿಮ್ಮಲ್ಲಿ ಜಾಸ್ತಿ ಅಲ್ವಾ, ಅವ್ರು ಬಂದ 24 ಗಂಟೆ ಒಳಗೆ ಅವ್ರ ವಿವರ ಸರ್ಕಾರಕ್ಕೆ ಆನ್‌ಲೈನಲ್ಲಿ ಹಾಕ್ಬೇಕು, ನಿನ್ನ ಕೊನೇ ಶಿಫ್ಟಲ್ಲಿ ಚೆಕ್‌ಇನ್ ಆದವ್ರದ್ದು ಹಾಕಿದ್ಯೋ ಬಾಕಿಯೋ ಅಂತ ಹೇಳಿ ಎದ್ದೇಳು.

ನಿನ್ನ ಫೋನ್ ನಂಬರ್ ವಿಷಯ ನೀನು ಯೋಚಿಸಿಲ್ಲ ಅನ್ಸುತ್ತೆ. ಬುಕಿಂಗ್ ಸೈಟ್‌ಗಳಿಗೆ ಲಾಗಿನ್ ಆಗೋವಾಗ ಓಟಿಪಿ ನಿನ್ನ ಮೊಬೈಲಿಗೇ ಬರುತ್ತೆ ಅಂತ ಹೋದ ಸಲ ಊರಿಗೆ ಬಂದಾಗ್ಲೂ ಊಟದ ಮಧ್ಯೆ ಎದ್ದೆದ್ದು ಓಟಿಪಿ ಹೇಳ್ತಿದ್ದೆ. ಅದು ಬದಲಾಗ್ದೆ ನೀನು ಬಿಟ್ರೆ ಕಾಲೇಜಲ್ಲಿ ಕ್ಲಾಸ್ ಮಧ್ಯೆ ಫೋನ್ ಬರ್ತಾನೇ ಇರುತ್ತೆ, ಅವ್ರಿಗೂ ಕಷ್ಟ ನಿಂಗೂ ಕಷ್ಟ. ನೋಟಿಸ್ ಶುರುವಾದ ಮೊದಲನೇ ವಾರದಲ್ಲೇ ಎಲ್ಲಾ ಕಡೆ ಹೋಟೆಲ್ ನಂಬರ್ ಹಾಕಿಸು, ಕೊನೇ ವಾರಕ್ಕೆ ಇಟ್ಕೋಬೇಡ. ಹಾಗೇನೇ ಸಾಫ್ಟ್‌ವೇರಲ್ಲಿ ನಿನ್ನ ಯೂಸರ್ ಐಡಿ 31ರ ಶಿಫ್ಟ್ ಮುಗಿದ ಮೇಲೆ ಬಂದ್ ಮಾಡಿ ಅಂತ ಐಟಿಯವ್ರಿಗೆ ಮೇಲಲ್ಲೇ ಕೇಳು. ನಿನ್ನ ಪಾಸ್‌ವರ್ಡ್ ಡೆಸ್ಕಲ್ಲಿ ಎಲ್ರಿಗೂ ಗೊತ್ತು ಅಂತ ನೀನೇ ಹೇಳಿದ್ದೆ. ಆಗಸ್ಟಲ್ಲಿ ಯಾರೋ ಆ ಐಡಿಯಿಂದ ಒಂದು ಬಿಲ್ ರದ್ದು ಮಾಡಿದ್ರೆ ರಿಪೋರ್ಟಲ್ಲಿ ಬರೋದು ನಿನ್ನ ಹೆಸರು. ನನ್ನ ರಸೀದಿ ಬುಕ್ಕಿನ ಕಥೆನೇ ಆಗುತ್ತೆ.

ಸರಿ, ಈಗ ಲೆಟರ್ ಹೇಗಿರ್ಬೇಕು ಅಂತ ನಾನು ಬರೆದು ನೋಡಿದೀನಿ. ಇಂಗ್ಲಿಷಲ್ಲಿ ನೀನು ಚೆನ್ನಾಗಿ ಮಾಡ್ಕೋತೀಯ, ವಿಷಯ ಇಷ್ಟಿದ್ರೆ ಸಾಕು, ಮೇಲೆ ತಾರೀಖು, ನಿನ್ನ ಹೆಸರು, ಎಂಪ್ಲಾಯಿ ನಂಬರ್, ಆಮೇಲೆ,

"ಮಾನ್ಯರೇ, ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್ ಹುದ್ದೆಗೆ ನಾನು ಈ ಪತ್ರದ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿ ಇರುವಂತೆ 30 ದಿನಗಳ ನೋಟಿಸ್ ಅವಧಿ ಜುಲೈ 2ರಿಂದ ಶುರುವಾಗಿ ಜುಲೈ 31ಕ್ಕೆ ಮುಗಿಯುತ್ತದೆ. ಜುಲೈ 31 ನನ್ನ ಕೊನೆಯ ಕೆಲಸದ ದಿನ. ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗೆ ಪೂರ್ಣಾವಧಿ ವಿದ್ಯಾರ್ಥಿನಿಯಾಗಿ ಸೇರುತ್ತಿದ್ದೇನೆ, ತರಗತಿಗಳು ಆಗಸ್ಟ್ 3ಕ್ಕೆ ಆರಂಭವಾಗುತ್ತವೆ. ನನ್ನ ಬಳಿ ಇರುವ ಕ್ಯಾಶ್ ಫ್ಲೋಟ್, ಲಾಗಿನ್‌ಗಳು ಮತ್ತು ಬಾಕಿ ಕೆಲಸಗಳನ್ನು ನೀವು ಸೂಚಿಸಿದವರಿಗೆ ಬರಹದಲ್ಲಿ ಒಪ್ಪಿಸುತ್ತೇನೆ. ರಿಲೀವಿಂಗ್ ಲೆಟರ್, ಅನುಭವ ಪತ್ರ ಮತ್ತು ಅಂತಿಮ ಲೆಕ್ಕ ಕೊಡಿಸಬೇಕಾಗಿ ವಿನಂತಿ. ಎರಡು ವರ್ಷ ಈ ಡೆಸ್ಕಿನಲ್ಲಿ ಕೆಲಸ ಕಲಿಸಿದ್ದಕ್ಕೆ ಕೃತಜ್ಞತೆಗಳು."

ಇಷ್ಟೇ. ಥ್ಯಾಂಕ್ಸ್ ಹೇಳಿರೋ ಸಾಲು ಸುಮ್ನೆ ಹಾಕಿದ್ದಲ್ಲ, ಮೊದಲ ತಿಂಗಳು ಗ್ರೂಪ್ ಚೆಕ್‌ಇನ್ ಅಂದ್ರೆ ಕೈ ನಡುಗುತ್ತೆ ಅಂತಿದ್ದೆ, ಈಗ ನಲವತ್ತು ಜನರ ಬಸ್ ಬಂದ್ರೂ ಕೀ ಕವರ್ ಮುಂಚೆನೇ ಜೋಡಿಸಿ ಇಟ್ಟಿರ್ತೀಯ, ಅದನ್ನ ಕಲಿಸಿದ್ದು ಅವ್ರೇ. ನಿಂಗೆ ಯಾರ ಮೇಲೆ ಗೌರವ ಇದೆಯೋ ಅವ್ರ ಹೆಸರು ಬೇಕಾದ್ರೆ ಸೇರಿಸು.

ಕೊಡೋ ರೀತಿ ಹೇಗೆ ಅಂದ್ರೆ, ಮೊದ್ಲು ಮ್ಯಾನೇಜರ್ ಹತ್ರ ಹೋಗಿ ಬಾಯಲ್ಲಿ ಹೇಳು, ಚೆಕ್‌ಇನ್ ರಶ್ ಇಲ್ಲದ ಹೊತ್ತಲ್ಲಿ, ಕೂತ್ಕೊಂಡು. ಮೇಲ್ ನೋಡಿ ಅವ್ರಿಗೆ ಗೊತ್ತಾಗ್ಬಾರ್ದು. ಅದೇ ದಿನ ಮೇಲ್ ಹಾಕು, ಎಚ್ಆರ್‌ನ ಸಿಸಿಯಲ್ಲಿ ಇಟ್ಟು, ನಿನ್ನ ಸ್ವಂತ ಮೇಲ್‌ಗೂ ಒಂದು ಕಾಪಿ ಹೋಗ್ಲಿ, ಯಾಕಂದ್ರೆ ಕೊನೇ ದಿನ ಹೋಟೆಲ್ ಮೇಲ್ ಬಂದ್ ಆದ್ರೆ ನಿನ್ನ ಹತ್ರ ಏನೂ ಉಳಿಯಲ್ಲ. ಪ್ರಿಂಟ್ ಕೊಟ್ರೆ ಇನ್ನೊಂದು ಪ್ರತಿ ಮೇಲೆ ತಲುಪಿದೆ ಅಂತ ಸೈನು ತಾರೀಖು ಹಾಕಿಸ್ಕೋ. ಎರಡು ಮೂರು ದಿನಕ್ಕೂ ಉತ್ತರ ಬರ್ಲಿಲ್ಲ ಅಂದ್ರೆ ಅದೇ ಮೇಲ್ ಮೇಲೆ "ದಯವಿಟ್ಟು ಸ್ವೀಕೃತಿ ತಿಳಿಸಿ" ಅಂತ ಒಂದು ಸಾಲು ಹಾಕು, ಜಗಳ ಬೇಡ. ಸಂಬಳ ಜಾಸ್ತಿ ಮಾಡ್ತೀವಿ, ಕರೆಸ್ಪಾಂಡೆನ್ಸಲ್ಲಿ ಓದು ಅಂತ ಅಂದ್ರೂ ಅನ್ನಬಹುದು, ಅದಕ್ಕೆ ಉತ್ತರ ನಿನ್ನದೇ, ನಾನು ಹೇಳಲ್ಲ.

ದುಡ್ಡಿನ ವಿಷಯ ಒಂದು ಮಾತು. ರಾಜೀನಾಮೆ ಕೊಟ್ಟ ಮೇಲೆ ಕೊನೇ ತಿಂಗಳ ಸಂಬಳ ಹೋಲ್ಡ್ ಮಾಡಿ ಫೈನಲ್ ಸೆಟಲ್‌ಮೆಂಟ್ ಜೊತೆ ಕೊಡೋದು ಹೋಟೆಲಲ್ಲಿ ಬಹಳ ಕಡೆ ನಡೆಯುತ್ತೆ, ಅದಕ್ಕೆ ಜುಲೈ ಸಂಬಳದಲ್ಲಿ ಹಾಸ್ಟೆಲ್ ಡಿಪಾಸಿಟ್ ಕಟ್ತೀನಿ ಅನ್ನೋ ಲೆಕ್ಕ ಬಿಡು. ಅದನ್ನ ನಾನು ನೋಡ್ಕೋತೀನಿ, ಸೊಸೈಟೀಲಿ ಇಟ್ಟಿದ್ದು ಇದೆ. ಗ್ರಾಚ್ಯುಟಿ ನಿಂಗೆ ಬರಲ್ಲ, ಅದಕ್ಕೆ ಐದು ವರ್ಷ ಬೇಕು. ಪಿಎಫ್ ಈಗ ತೆಗೀಬೇಡ, ಪಿಎಫ್‌ನ ಯುಎಎನ್ ನಂಬರ್ ಬರೆದು ಇಟ್ಕೋ, ಮುಂದಿನ ಕೆಲಸಕ್ಕೆ ಅದೇ ನಂಬರ್. ಪಿಎಫ್ ಖಾತೇಲಿ ನೀನು ಬಿಟ್ಟ ತಾರೀಖು ಅವ್ರು ಹಾಕಿದ್ರಾ ಅಂತ ಅಕ್ಟೋಬರ್ ಹೊತ್ತಿಗೆ ಒಂದ್ಸಲ ನೋಡು, ಹಾಕಿಲ್ಲ ಅಂದ್ರೆ ಕೊನೇ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲಲ್ಲಿ ನೀನೇ ಹಾಕ್ಬಹುದು.

31ಕ್ಕೆ ಮೂರು ಗಂಟೆಗೆ ನಾನು ಹೋಟೆಲ್ ಹಿಂದಿನ ಸ್ಟಾಫ್ ಗೇಟ್ ಹತ್ರ ಬಂದಿರ್ತೀನಿ, ರೂಮಿನ ಸಾಮಾನು ತಗೊಂಡು ಒಟ್ಟಿಗೆ ಹಾಸನಕ್ಕೆ ಬರೋಣ. ನೋ ಡ್ಯೂಸ್ ಕಾಪಿ ಕೈಗೆ ಬರೋವರ್ಗೂ ಅವಸರ ಮಾಡ್ಬೇಡ, ಎಷ್ಟೊತ್ತಾದ್ರೂ ನಾನು ಕಾಯ್ತೀನಿ. ಡೆಸ್ಕಿನವ್ರಿಗೆ ಹಂಚೋಕೆ ಕೋಡುಬಳೆ ಮಾಡ್ಕೊಡ್ತೀನಿ ಅಂತ ಅಮ್ಮ ಹೇಳ್ತಾ ಇದಾಳೆ, ಹಿಂದಿನ ವಾರಾನೇ ಬಸ್ಸಲ್ಲಿ ಕಳಿಸ್ತೀವಿ. ಎಷ್ಟು ಜನ ಅಂತ ಹೇಳು, ಬೆಲ್ ಬಾಯ್‌ಗಳನ್ನೂ ಸೇರಿಸಿ ಲೆಕ್ಕ ಹಾಕು.

ನಿನ್ನ
ಅಪ್ಪ